ಕಾಲು ಇಂಚಿನ ಗೇಜ್ ಎರಡು ಸುತ್ತು ಹೋಗಿ ನಿಲ್ಲುತ್ತಿದೆ. 19 ಟಿಪಿಐ, ಅಂದರೆ ಇಂಚಿಗೆ 19 ಥ್ರೆಡ್, ಎಷ್ಟು ಮಿ.ಮೀ. ಪಿಚ್?

ಪಂಪ್_ಪಾಳಿ

ಒಂದು ಹೈಡ್ರಾಲಿಕ್ ಪವರ್ ಪ್ಯಾಕ್‌ನ ಪ್ರೆಶರ್ ಗೇಜ್ ಕೆಟ್ಟಿದೆ. ಪಂಪ್ ನಿಲ್ಲಿಸಿದರೂ ಮುಳ್ಳು ಸೊನ್ನೆಗೆ ಬರುವುದಿಲ್ಲ. ಹೊಸ ಗೇಜ್ ತಂದೆ, ಡಬ್ಬಿ ಮೇಲೆ ಕಾಲು ಇಂಚು ಅಂತ ಇದೆ. ಹಳೆಯದಕ್ಕೆ ಮೆಷಿನ್ ಪುಸ್ತಕದಲ್ಲಿ ಕಾಲು ಇಂಚು, 19 ಟಿಪಿಐ ಅಂತ ಕೊಟ್ಟಿದ್ದಾರೆ. ಹೊಸದನ್ನು ಕೈಯಲ್ಲಿ ತಿರುಗಿಸಿದರೆ ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಕಚ್ಚಿಕೊಂಡು ನಿಲ್ಲುತ್ತದೆ. ಸ್ಪ್ಯಾನರ್ ಹಾಕಿಲ್ಲ.

ನನ್ನ ಹತ್ತಿರ ಇರುವುದು ಮೆಟ್ರಿಕ್ ಪಿಚ್ ಗೇಜ್ ಮಾತ್ರ. ವರ್ನಿಯರ್‌ನಲ್ಲಿ ಅಳೆದದ್ದು ಹೀಗಿದೆ. ಹಳೆಯದರ ಹೊರವ್ಯಾಸ 13.1 ಮಿ.ಮೀ., ತುದಿಯಲ್ಲೂ ಬುಡದಲ್ಲೂ ಅಷ್ಟೇ. ಹೊಸದು ತುದಿಯಲ್ಲಿ 13.2, ಬುಡದಲ್ಲಿ 13.7. ಆಮೇಲೆ ಏಳು ಥ್ರೆಡ್ ಎಣಿಸಿ, ಮೊದಲನೆಯದರ ತಲೆಯಿಂದ ಏಳನೆಯದರ ತಲೆವರೆಗೆ ಅಳೆದೆ. ಹಳೆಯದು 8.0, ಹೊಸದು 8.5. ಏಳರಿಂದ ಭಾಗಿಸಿದರೆ 1.14 ಮತ್ತು 1.21 ಬರುತ್ತದೆ. ಪಿಚ್ ಗೇಜಿನ 1.25ರ ಎಲೆ ಇಟ್ಟರೆ ಎರಡಕ್ಕೂ ಸುಮಾರಾಗಿ ಕೂತ ಹಾಗೆ ಕಾಣುತ್ತದೆ.

19 ಟಿಪಿಐಯನ್ನು ಮಿ.ಮೀ.ಗೆ ತರುವುದು ಹೇಗೆ? ಎಂ14×1.5 ಗೇಜ್ ಒಂದು ಕೈಯಲ್ಲೇ ಇದೆ, ಅದು ನಡೆಯುತ್ತದಾ? ಲೈನಿನ ಒತ್ತಡ 150 ಬಾರ್.

ನಟ್ಟು_ಬೋಲ್ಟು

25.4ನ್ನು ಟಿಪಿಐಯಿಂದ ಭಾಗಿಸಿ. 25.4 ÷ 19 = 1.337. ಅಷ್ಟೇ.

ಸ್ಪ್ಯಾನರ್_ಶೆಟ್ಟಿ

ಕಾಲು ಇಂಚು ಅಂದರೆ 6.35 ಮಿ.ಮೀ. ಅಲ್ವಾ? ನಿಮ್ಮದು 13.1 ಇದೆ. ಅಂದರೆ ಅದು ಅರ್ಧ ಇಂಚಿನದು, 12.7. ಅರ್ಧ ಇಂಚಿನ ಬೋಲ್ಟಿಗೆ 13 ಟಿಪಿಐ ಇರುತ್ತದೆ. ಪುಸ್ತಕದಲ್ಲಿ 19 ಅಂತ ತಪ್ಪು ಅಚ್ಚಾಗಿರಬೇಕು.

ಹಳೇ_ಟರ್ನರ್

ಶೆಟ್ರೇ, ಬೋಲ್ಟಿನ ಲೆಕ್ಕ ಇಲ್ಲಿ ಬರುವುದಿಲ್ಲ. ಅರ್ಧ ಇಂಚಿನ ಯುಎನ್‌ಸಿ ಬೋಲ್ಟಿಗೆ 13 ಟಿಪಿಐ ಅನ್ನುವುದು ಸರಿ. ಆದರೆ ಇದು ಪೈಪ್ ಥ್ರೆಡ್. ಪೈಪಿನಲ್ಲಿ ಕಾಲು ಇಂಚು ಅನ್ನುವುದು ಮೊದಲಿಗೆ ಒಳಗಿನ ತೂತಿನ ಅಳತೆಯಾಗಿತ್ತು. ಥ್ರೆಡ್ ಬೀಳುವುದು ಹೊರಮೈ ಮೇಲೆ, ಅದು 13 ಮಿ.ಮೀ. ದಾಟುತ್ತದೆ. ಇನ್ನೊಂದು, 12.7ರ ಬೋಲ್ಟು 13.1 ಅಳತೆ ತೋರಿಸುವುದಿಲ್ಲ. ಗಂಡು ಥ್ರೆಡ್ ಹೆಸರಿನ ಅಳತೆಗಿಂತ ಕೂದಲೆಳೆ ಕಡಿಮೆಯೇ ಬರುತ್ತದೆ, ಜಾಸ್ತಿ ಬರುವುದಿಲ್ಲ.

ಪಂಪ್_ಪಾಳಿ ಅವರೇ, ನಿಮ್ಮ ವರ್ನಿಯರ್ ಸರಿಯಾಗಿದೆ, ಭಾಗಾಕಾರ ಮಾತ್ರ ಸರಿಪಡಿಸಬೇಕು. ಏಳು ತಲೆಗಳ ನಡುವೆ ಇರುವುದು ಆರು ಸಂದು. ಪಿಚ್ ಅಂದರೆ ಒಂದು ತಲೆಯಿಂದ ಮುಂದಿನ ತಲೆಗೆ ಇರುವ ದೂರ. ಹಾಗಾಗಿ ಆರರಿಂದ ಭಾಗಿಸಿ. ಮೊದಲ ತಲೆಗೆ ‘ಸೊನ್ನೆ’ ಅಂತ ಎಣಿಸಲು ಶುರು ಮಾಡಿದರೆ ಈ ಗೊಂದಲ ಬರುವುದೇ ಇಲ್ಲ.

ಹಳೆಯದು: 8.0 ÷ 6 = 1.33. ತಿರುಗಿಸಿ ನೋಡಿ, 25.4 ÷ 1.33 = 19.1. ಪುಸ್ತಕ ಹೇಳಿದ 19 ಅದೇ.
ಹೊಸದು: 8.5 ÷ 6 = 1.417. 25.4 ÷ 1.417 = 17.9, ಅಂದರೆ 18 ಟಿಪಿಐ.

ಬ್ರಿಟಿಷ್ ಪೈಪ್ ಥ್ರೆಡ್ ಬಿಎಸ್‌ಪಿಯ ಕಾಲು ಇಂಚಿಗೆ 19 ಟಿಪಿಐ, ಹೊರವ್ಯಾಸ 13.157. ಅಮೆರಿಕನ್ ಪೈಪ್ ಥ್ರೆಡ್ ಎನ್‌ಪಿಟಿಯ ಕಾಲು ಇಂಚಿಗೆ 18 ಟಿಪಿಐ, ಮತ್ತು ಅದು ತುದಿಗೆ ಹೋದಂತೆ ಸಣ್ಣದಾಗುತ್ತದೆ. ನಿಮ್ಮ 13.2, 13.7 ಅದನ್ನೇ ಹೇಳುತ್ತಿದೆ. ಮೆಷಿನ್‌ನಲ್ಲಿ ಇರುವುದು ಬಿಎಸ್‌ಪಿ, ತಂದದ್ದು ಎನ್‌ಪಿಟಿ.

ಪಂಪ್_ಪಾಳಿ

ಈಗ ಗೊತ್ತಾಯಿತು. ಆದರೆ ಎರಡು ಸುತ್ತು ಅಷ್ಟು ಚೆನ್ನಾಗಿ ಹೋಯಿತಲ್ಲ, ಅದು ಹೇಗೆ? 18ಕ್ಕೂ 19ಕ್ಕೂ ಹೊಂದದಿದ್ದರೆ ಮೊದಲ ಸುತ್ತಿನಲ್ಲೇ ನಿಲ್ಲಬೇಕಿತ್ತು ಅಲ್ವಾ?

ಹಳೇ_ಟರ್ನರ್

ಪಿಚ್ ವ್ಯತ್ಯಾಸ ಒಂದೇ ಸಲ ಬಂದು ತಡೆಯುವುದಿಲ್ಲ, ಸುತ್ತು ಸುತ್ತಿಗೂ ಕೂಡುತ್ತಾ ಹೋಗುತ್ತದೆ. 1.411ರಲ್ಲಿ 1.337 ಕಳೆದರೆ 0.074 ಮಿ.ಮೀ. ಮೊದಲ ಸುತ್ತಿನಲ್ಲಿ ಅಷ್ಟು ಸಣ್ಣ ತಪ್ಪು ಥ್ರೆಡ್‌ನ ಸಡಿಲದಲ್ಲಿ ಮುಚ್ಚಿಹೋಗುತ್ತದೆ. ಎರಡನೆಯದರಲ್ಲಿ 0.15 ಆಗುತ್ತದೆ. ಐದನೆಯ ಸುತ್ತಿಗೆ 0.37, ಅಂದರೆ ಕಾಲು ಪಿಚ್‌ಗಿಂತ ಜಾಸ್ತಿ. ಅಷ್ಟು ಹೊತ್ತಿಗೆ ಒಂದರ ತಲೆ ಇನ್ನೊಂದರ ಪಕ್ಕವನ್ನು ಒತ್ತುತ್ತಿರುತ್ತದೆ. ನಿಮ್ಮದರಲ್ಲಿ ಟೇಪರ್ ಬೇರೆ ಸೇರಿದೆ, ಹೋದಷ್ಟೂ ಗಂಡು ದಪ್ಪ ಆಗುತ್ತದೆ. ಎರಡೂ ಸೇರಿ ಹಿಡಿಯಿತು.

ಸ್ಪ್ಯಾನರ್ ಹಾಕದೆ ನಿಲ್ಲಿಸಿದ್ದು ಬಹಳ ಒಳ್ಳೆಯದಾಯಿತು. ಹಿತ್ತಾಳೆ ಗೇಜ್ ಆಗಿದ್ದರೆ ಸ್ಪ್ಯಾನರ್ ಬಲಕ್ಕೆ ಅದು ಇನ್ನೆರಡು ಸುತ್ತು ಹೋಗುತ್ತಿತ್ತು, ಕೂತಿತು ಅಂತಲೇ ಅನ್ನಿಸುತ್ತಿತ್ತು. ಬಿಚ್ಚಿದಾಗಲೇ ಹಾಳಾದದ್ದು ಗೊತ್ತಾಗುವುದು.

ಸೈಕಲ್_ಸವಾರಿ

ಇದೇ ತರಹದ್ದು ಸೈಕಲ್‌ನಲ್ಲಿ ಪೆಡಲ್ ಅಚ್ಚು ಕೂರುವ ಬಾಟಮ್ ಬ್ರಾಕೆಟ್‌ನಲ್ಲೂ ಇದೆ. ಇಂಗ್ಲಿಷ್ ಥ್ರೆಡ್ 1.37 ಇಂಚು, 24 ಟಿಪಿಐ. ವ್ಯಾಸ 34.8 ಮಿ.ಮೀ., ಪಿಚ್ 1.058. ಹಳೆಯ ಫ್ರೆಂಚ್ ಸೈಕಲ್‌ಗಳದ್ದು 35 ಮಿ.ಮೀ., ಪಿಚ್ 1. ಪಕ್ಕದಲ್ಲಿಟ್ಟರೆ ಅವಳಿ ಜವಳಿ. ಇಟಾಲಿಯನ್ನದು ಇನ್ನೂ ವಿಚಿತ್ರ, ವ್ಯಾಸ 36 ಮಿ.ಮೀ. ಅಂತ ಮೆಟ್ರಿಕ್‌ನಲ್ಲಿ ಹೇಳುತ್ತಾರೆ, ಥ್ರೆಡ್ ಮಾತ್ರ 24 ಟಿಪಿಐ.

ನಟ್ಟು_ಬೋಲ್ಟು

ಇಟಾಲಿಯನ್ನದರಲ್ಲಿ ಎರಡೂ ಕಡೆ ಬಲ ಥ್ರೆಡ್ ಅಲ್ವಾ? ಇಂಗ್ಲಿಷಿನದರಲ್ಲಿ ಚೈನ್ ಇರುವ ಕಡೆ ಎಡ ಥ್ರೆಡ್.

ಸೈಕಲ್_ಸವಾರಿ

ಹೌದು. ಎಡ ಥ್ರೆಡ್ ಅಂತ ಗೊತ್ತಿಲ್ಲದೆ ಕಪ್ ಬಿಚ್ಚಲು ಹೋಗಿ ಇನ್ನೂ ಬಿಗಿ ಮಾಡುವವರು ತುಂಬಾ ಜನ ಇದ್ದಾರೆ.

ಸರ್ವರ್_ರೂಮ್

ನನ್ನದೂ ಒಂದು ಕೇಸ್ ಇದೆ, ಇಲ್ಲೇ ಕೇಳುತ್ತೇನೆ. ರ‍್ಯಾಕ್‌ಗೆ ಹಾಕುವ ಸ್ಕ್ರೂಗಳು ಎರಡು ಜಾತಿ ಕಲೆತುಹೋಗಿವೆ, ಎಂ5 ಮತ್ತು 10-32. ಎರಡೂ ಎಲ್ಲ ನಟ್ಟಿಗೂ ಹೋಗುವ ಹಾಗೆ ಕಾಣುತ್ತದೆ. ಕೆಲವು ಮಾತ್ರ ಬಿಗಿ ಮಾಡುವಾಗ ಸುಮ್ನೆ ಸುತ್ತುತ್ತವೆ. ಪಿಚ್ ಗೇಜ್ ಇಟ್ಟರೂ ವ್ಯತ್ಯಾಸ ಕಾಣುವುದಿಲ್ಲ. ಗೇಜ್ ಕೆಟ್ಟಿದೆಯಾ?

ವಿದ್ಯಾ_ಟೂಲ್‌ರೂಮ್

ಗೇಜ್ ಸರಿಯಾಗಿಯೇ ಇದೆ. ಇಲ್ಲಿ ಪಿಚ್ ನೋಡಿ ಪ್ರಯೋಜನವಿಲ್ಲ. 32 ಟಿಪಿಐ ಅಂದರೆ 25.4 ÷ 32 = 0.794. ಎಂ5ರ ಪಿಚ್ 0.8. ಒಂದು ಸುತ್ತಿಗೆ 0.006 ಮಿ.ಮೀ. ವ್ಯತ್ಯಾಸ, ಹತ್ತು ಸುತ್ತಿಗೂ 0.06. ಅದು ಯಾವ ಎಲೆಗೂ ಕಾಣುವುದಿಲ್ಲ.

ವ್ಯತ್ಯಾಸ ಇರುವುದು ವ್ಯಾಸದಲ್ಲಿ. 10-32 ಸ್ಕ್ರೂ 4.83 ಮಿ.ಮೀ., ಎಂ5 ಸ್ಕ್ರೂ 5. ಸಣ್ಣದು ದೊಡ್ಡ ನಟ್ಟಿಗೆ ಪೂರ್ತಿ ಹೋಗುತ್ತದೆ, ಆದರೆ ಥ್ರೆಡ್‌ನ ತುದಿ ಮಾತ್ರ ಹಿಡಿದಿರುತ್ತದೆ. ಬಿಗಿ ಮಾಡಿದಾಗ ಆ ತುದಿ ಕಿತ್ತುಬರುತ್ತದೆ. ನಿಮಗೆ ಸುತ್ತುತ್ತಿರುವುದು ಇದೇ. ಉಲ್ಟಾ ಹಾಕಿದರೆ, ಅಂದರೆ ಎಂ5 ಸ್ಕ್ರೂವನ್ನು 10-32 ನಟ್ಟಿಗೆ ಹಾಕಿದರೆ, ಶುರುವಿನಲ್ಲೇ ಬಿಗಿ ಬರುತ್ತದೆ.

ಸುಲಭದ ಪರೀಕ್ಷೆ ಇದೆ. ಸ್ಕ್ರೂವನ್ನು ನಾಲ್ಕೈದು ಸುತ್ತು ಹಾಕಿ, ತಲೆ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಸರಿಯಾದ ಜೋಡಿ ಸ್ವಲ್ಪವೇ ಆಡುತ್ತದೆ. 10-32 ಎಂ5 ನಟ್ಟಿನಲ್ಲಿ ಲಟಲಟ ಅನ್ನುತ್ತದೆ. ರಾಶಿ ಬೇರೆ ಮಾಡಲು ವರ್ನಿಯರ್ ಸಾಕು, 4.9ಕ್ಕಿಂತ ಕೆಳಗೆ ಇದ್ದರೆ ಒಂದು ಡಬ್ಬಿ, ಮೇಲೆ ಇದ್ದರೆ ಇನ್ನೊಂದು.

ಸರ್ವರ್_ರೂಮ್

ಥ್ಯಾಂಕ್ಸ್ ಮೇಡಂ. ಅಳೆಯುತ್ತಿದ್ದೇನೆ, ಎರಡು ಗುಂಪು ಸ್ಪಷ್ಟವಾಗಿ ಬರುತ್ತಿವೆ.

ಸ್ಪ್ಯಾನರ್_ಶೆಟ್ಟಿ

ಹಾಗಾದರೆ ನಿಯಮ ಹೀಗೆ ಇಟ್ಟುಕೊಳ್ಳಬಹುದು. ಟಿಪಿಐ ಒಂದೇ ಇದ್ದು ವ್ಯಾಸವೂ ಹತ್ತಿರ ಇದ್ದರೆ ಕೂರುತ್ತದೆ. ಇಲ್ಲದಿದ್ದರೆ ಇಲ್ಲ.

ವಿದ್ಯಾ_ಟೂಲ್‌ರೂಮ್

ಅರ್ಧ ಸರಿ. ಅರ್ಧ ಇಂಚಿನ ಬಿಎಸ್‌ಪಿ ಮತ್ತು ಎನ್‌ಪಿಟಿ ತೆಗೆದುಕೊಳ್ಳಿ. ಎರಡಕ್ಕೂ 14 ಟಿಪಿಐ, ಪಿಚ್ 1.814. ವ್ಯಾಸ ಎರಡೂ 21 ಮಿ.ಮೀ. ಆಸುಪಾಸು. ಮುಕ್ಕಾಲು ಇಂಚಿನಲ್ಲೂ ಎರಡಕ್ಕೂ 14. ನಿಮ್ಮ ನಿಯಮದ ಪ್ರಕಾರ ಕೂರಬೇಕು, ಕೂರುತ್ತವೆ ಕೂಡ. ಆದರೆ ಬಿಎಸ್‌ಪಿ ಥ್ರೆಡ್‌ನ ಕೋನ 55 ಡಿಗ್ರಿ, ಎನ್‌ಪಿಟಿಯದ್ದು 60. ಪಕ್ಕಗಳು ಮೈಗೆ ಮೈ ತಾಗುವುದಿಲ್ಲ, ಒಂದು ಅಂಚಿನಲ್ಲಿ ಮಾತ್ರ ತಾಗುತ್ತವೆ. ಉಳಿದ ಸಂದು ಥ್ರೆಡ್ ಜೊತೆಗೇ ಸುತ್ತಿಕೊಂಡು ಒಳಗಿನಿಂದ ಹೊರಗೆ ಬರುತ್ತದೆ. ಎಣ್ಣೆಗೆ ಆ ದಾರಿ ಸಾಕು.

ನನ್ನ ಪ್ರಕಾರ ಇದೇ ಜೋಡಿ ಎಲ್ಲಕ್ಕಿಂತ ಅಪಾಯ. 18 ಮತ್ತು 19 ಕಚ್ಚಿಕೊಂಡು ಎಚ್ಚರಿಸುತ್ತವೆ. 14 ಮತ್ತು 14 ಎಚ್ಚರಿಸುವುದಿಲ್ಲ.

ಟೇಪ್_ಸುತ್ತಿ

ಅರ್ಧ ಇಂಚಿನಲ್ಲಿ ಎರಡನ್ನೂ ಸೇರಿಸಿ ನೀರಿನ ಲೈನ್ ಎಷ್ಟೋ ಕಡೆ ಓಡುತ್ತಿದೆ. ಟೆಫ್ಲಾನ್ ಟೇಪ್ ನಾಲ್ಕು ಸುತ್ತು ಜಾಸ್ತಿ ಹಾಕಿದರೆ ಸೋರುವುದಿಲ್ಲ. ಸುಮ್ನೆ ಹೆದರಿಸುತ್ತೀರಿ.

ವಿದ್ಯಾ_ಟೂಲ್‌ರೂಮ್

ಕಡಿಮೆ ಒತ್ತಡದ ನೀರಿನಲ್ಲಿ ನಿಲ್ಲಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಟೇಪ್ ಸಂದು ತುಂಬುತ್ತದೆ. ಆದರೆ ಬಲ ಹೊರುವುದು ಟೇಪ್ ಅಲ್ಲ, ಲೋಹ. ಆ ಲೋಹ ಅಂಚಿನಲ್ಲಷ್ಟೇ ತಾಗಿದೆ. ಇಲ್ಲಿ ಕೇಳಿರುವುದು 150 ಬಾರ್ ಎಣ್ಣೆ. ನೀರಿನ ನಲ್ಲಿಯ ಅನುಭವ ಅಲ್ಲಿಗೆ ತರಬೇಡಿ, ದಯವಿಟ್ಟು.

ಟೇಪ್_ಸುತ್ತಿ

150 ಬಾರ್‌ಗೆ ನಾನೂ ಹೇಳುವುದಿಲ್ಲ. ನೀರಿಗೆ ಮಾತ್ರ ನನ್ನ ಮಾತು ಬದಲಾಗುವುದಿಲ್ಲ.

ಕುತೂಹಲಿ

14 ಮತ್ತು 14ನ್ನು ಹಾಗಾದರೆ ಕಣ್ಣಲ್ಲಿ ಗುರುತಿಸುವುದು ಹೇಗೆ? ಪಿಚ್ ಗೇಜ್ ಎರಡಕ್ಕೂ ಒಂದೇ ಹೇಳುತ್ತದೆ ಅಲ್ವಾ?

ಹಳೇ_ಟರ್ನರ್

ಹಲ್ಲಿನ ಸಂಖ್ಯೆ ಒಂದೇ, ಆಕಾರ ಬೇರೆ. 55 ಡಿಗ್ರಿಯ 14ರ ಎಲೆ ತೆಗೆದುಕೊಂಡು ಥ್ರೆಡ್ ಮೇಲಿಟ್ಟು ಹಿಂದಿನಿಂದ ಬೆಳಕು ಬಿಡಿ. ಬಿಎಸ್‌ಪಿ ಮೇಲೆ ಬೆಳಕು ಎಲ್ಲೂ ತೂರುವುದಿಲ್ಲ. ಎನ್‌ಪಿಟಿ ಮೇಲಿಟ್ಟರೆ ಹಲ್ಲಿನ ಪಕ್ಕದಲ್ಲಿ ಬೆಳಕಿನ ಸಣ್ಣ ಗೆರೆ ಕಾಣುತ್ತದೆ. ಎಲೆ ಇಲ್ಲದಿದ್ದರೆ ತಲೆ ನೋಡಿ. ಬಿಎಸ್‌ಪಿಯ ತಲೆ ದುಂಡಗೆ, ಎನ್‌ಪಿಟಿಯದ್ದು ಚಪ್ಪಟೆ. ಹೊಸ ಫಿಟ್ಟಿಂಗ್‌ನಲ್ಲಿ ಇದು ನಂಬಬಹುದಾದ ಗುರುತು. ಸವೆದು ತುಕ್ಕು ತಿಂದ ಫಿಟ್ಟಿಂಗ್‌ನಲ್ಲಿ ಎಲ್ಲದರ ತಲೆಯೂ ದುಂಡಗೇ ಇರುತ್ತದೆ, ಆಗ ಅದನ್ನು ನಂಬಬೇಡಿ.

ಪಿಚ್ ಬೇರೆ ಇದ್ದರೆ ಗೇಜ್ ಕೂಡ ಬೇಡ. ಎರಡು ಗಂಡು ಥ್ರೆಡ್‌ಗಳನ್ನು ಎದುರುಬದುರು ಇಟ್ಟು, ಎರಡು ಬಾಚಣಿಗೆ ಹಲ್ಲು ಕೂಡಿಸುವ ಹಾಗೆ ಒಂದರೊಳಗೊಂದು ಕೂಡಿಸಿ ಬೆಳಕಿಗೆ ಹಿಡಿಯಿರಿ. ಪಂಪ್_ಪಾಳಿ ಅವರ ಎರಡು ಗೇಜ್‌ಗಳನ್ನು ಹೀಗಿಟ್ಟರೆ ಮೊದಲ ಹಲ್ಲು ಕೂರುತ್ತದೆ, ಏಳನೆಯದರ ಹತ್ತಿರ 0.44 ಮಿ.ಮೀ. ಸರಿದಿರುತ್ತದೆ. ಪಿಚ್‌ನ ಮೂರನೇ ಒಂದು ಭಾಗ, ಎದ್ದು ಕಾಣುತ್ತದೆ. ಎರಡು ಮೂರು ಹಲ್ಲು ಮಾತ್ರ ನೋಡಿದರೆ ಮೋಸ. ಇವರ 1.25ರ ಎಲೆ ‘ಸುಮಾರಾಗಿ’ ಕೂತದ್ದೂ ಅದಕ್ಕೇ.

ನಟ್ಟು_ಬೋಲ್ಟು

ಎಂ14×1.5ರ ಪ್ರಶ್ನೆ ಹಾಗೇ ಉಳಿಯಿತು. 25.4 ÷ 1.5 = 16.93. ಅಂದರೆ 17 ಟಿಪಿಐ ಅನ್ನಿ. 19ಕ್ಕೆ ಹತ್ತಿರವೂ ಇಲ್ಲ. ವ್ಯಾಸ 14, ಪೋರ್ಟ್ 13.16. ಬಾಯಿಗೇ ಹೋಗುವುದಿಲ್ಲ.

ಹಳೇ_ಟರ್ನರ್

ಸರಿ. ಉಲ್ಟಾ ಜೋಡಿ ಮಾತ್ರ ನೆನಪಿರಲಿ. ಕಾಲು ಇಂಚಿನ ಬಿಎಸ್‌ಪಿ ಗಂಡನ್ನು ಎಂ14×1.5 ತೂತಿಗೆ ಹಾಕಿದರೆ ಒಳಗೆ ಹೋಗುತ್ತದೆ, ಸಡಿಲ ಇರುವುದರಿಂದ ಪಿಚ್ ವ್ಯತ್ಯಾಸವನ್ನೂ ಕೆಲವು ಸುತ್ತು ನುಂಗಿಕೊಳ್ಳುತ್ತದೆ. ಒತ್ತಡ ಬಂದಾಗ ಎದ್ದು ಬರುತ್ತದೆ. ಹೈಡ್ರಾಲಿಕ್ ಬ್ಲಾಕ್‌ಗಳಲ್ಲಿ ಎರಡೂ ತರಹದ ಪೋರ್ಟ್ ಇರುತ್ತವೆ, ಹಾಗಾಗಿ ಹೇಳಿದೆ.

ಕುತೂಹಲಿ

25.4 ಅನ್ನುವುದು ಅಂದಾಜು ಸಂಖ್ಯೆ ತಾನೇ? ಉದ್ದದ ಥ್ರೆಡ್‌ಗೆ ತಪ್ಪು ಕೂಡುತ್ತಾ ಹೋಗುವುದಿಲ್ಲವಾ?

ನಟ್ಟು_ಬೋಲ್ಟು

ಅಂದಾಜಲ್ಲ. 1959ರಲ್ಲಿ ಇಂಚನ್ನು 25.4 ಮಿ.ಮೀ. ಅಂತಲೇ ನಿಗದಿ ಮಾಡಿದರು. ಅಲ್ಲಿಂದ ಅದು ನಿಖರ. ಉತ್ತರವನ್ನು 1.337 ಅಂತ ಮೂರು ಅಂಕಿಗೆ ನಿಲ್ಲಿಸುವಾಗ ಮಾತ್ರ ಅಂದಾಜು ಬರುತ್ತದೆ.

ಹಳೇ_ಟರ್ನರ್

ಅದಕ್ಕೇ ಇಂಚಿನ ಲೀಡ್ ಸ್ಕ್ರೂ ಇರುವ ಲೇತ್‌ನಲ್ಲಿ ಮೆಟ್ರಿಕ್ ಥ್ರೆಡ್ ತೆಗೆಯಲು 127 ಹಲ್ಲಿನ ಗೇರ್ ಹಾಕುತ್ತೇವೆ. 127 ÷ 5 = 25.4, ತಪ್ಪೇ ಇಲ್ಲ. ಅಷ್ಟು ದೊಡ್ಡ ಗೇರ್‌ಗೆ ಜಾಗ ಇಲ್ಲದ ಲೇತ್‌ನಲ್ಲಿ 63 ಹಲ್ಲಿನದು ಹಾಕಿ ಸರಿದೂಗಿಸುತ್ತಾರೆ. 1600 ÷ 63 = 25.397. ನೂರು ಮಿ.ಮೀ. ಉದ್ದಕ್ಕೆ ನೂರನೇ ಒಂದು ಮಿ.ಮೀ.ಗಿಂತ ಚೂರು ಜಾಸ್ತಿ ತಪ್ಪು. ಬೋಲ್ಟಿಗೆ ಏನೂ ಆಗುವುದಿಲ್ಲ.

ಪಂಪ್_ಪಾಳಿ

ಬಾಚಣಿಗೆ ಪರೀಕ್ಷೆ ಮಾಡಿದೆ. ಮೊದಲ ಎರಡು ಹಲ್ಲು ಕೂತವು, ಕೊನೆಗೆ ಬರುವಾಗ ಹಲ್ಲು ಹಲ್ಲಿನ ಮೇಲೆ ಹತ್ತಿ ಬೆಳಕು ಕಾಣಿಸಿತು. ಹಳೆಯ ಗೇಜ್ ಪೋರ್ಟ್‌ಗೆ ಕೈಯಲ್ಲೇ ಪೂರ್ತಿ ಹೋಗುತ್ತದೆ, ಆದರೆ ಮೊದಲ ಸುತ್ತಿನಲ್ಲಿ ಈಗ ಚೂರು ತಡೆಯುತ್ತದೆ. ಥ್ರೆಡ್ ಕೊರೆಯುವ ಎನ್‌ಪಿಟಿ ಟ್ಯಾಪ್ ಒಂದು ಸಿಗುತ್ತದೆ. ಪೋರ್ಟ್‌ಗೆ ಅದನ್ನೇ ಓಡಿಸಿ ಹೊಸ ಗೇಜ್ ಹಾಕಿದರೆ ಹೇಗೆ?

ಟೇಪ್_ಸುತ್ತಿ

ಏರ್ ಲೈನ್‌ನಲ್ಲಿ ನಾನು ಹಾಗೆ ಮಾಡಿದ್ದೇನೆ, ಇವತ್ತಿಗೂ ಇದೆ.

ಹಳೇ_ಟರ್ನರ್

ಬೇಡ ಮಾರಾಯ್ರೆ. ಆ ತೂತಿನಲ್ಲಿ ಆಗಲೇ 19ರ ಗೆರೆಗಳಿವೆ. 18ರ ಟ್ಯಾಪ್ ಅವುಗಳ ಮೇಲೆ ಅಡ್ಡ ಕೊರೆಯುತ್ತದೆ. ಒಂದು ಕಡೆ ಗೆರೆ ಸೇರುತ್ತದೆ, ನಾಲ್ಕೈದು ಸುತ್ತು ಕೆಳಗೆ ಅದೇ ಗೆರೆ ಹಲ್ಲಿನ ಹೊಟ್ಟೆಗೆ ಬೀಳುತ್ತದೆ. ಉಳಿಯುವುದು ಬ್ಲೇಡಿನಂಥ ತೆಳ್ಳಗಿನ ಹಲ್ಲು. ಗಾಳಿ ಲೈನಿನಲ್ಲಿ ನಿಂತಿರಬಹುದು, 150 ಬಾರ್‌ಗೆ ಅದು ಹಿಡಿತವೇ ಅಲ್ಲ. ಬ್ಲಾಕ್ ಒಮ್ಮೆ ಹಾಳಾದರೆ ವಾಪಸ್ ತರುವುದೂ ಕಷ್ಟ.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ನಿಮ್ಮ ಹಳೆಯ ಗೇಜ್ ಎರಡು ತುದಿಗೂ 13.1. ಅಂದರೆ ಟೇಪರ್ ಇಲ್ಲ, ಪ್ಯಾರಲಲ್ ಥ್ರೆಡ್. ಟೇಪರ್ ಇದ್ದಿದ್ದರೆ 16ಕ್ಕೆ 1ರ ಲೆಕ್ಕದಲ್ಲಿ 8 ಮಿ.ಮೀ. ಉದ್ದಕ್ಕೆ ಅರ್ಧ ಮಿ.ಮೀ. ಇಳಿಯುತ್ತಿತ್ತು, ನಿಮ್ಮ ಹೊಸದು ಇಳಿದ ಹಾಗೆ. ಪ್ಯಾರಲಲ್ ಥ್ರೆಡ್ ಸೋರಿಕೆ ತಡೆಯುವುದಿಲ್ಲ, ಸುಮ್ನೆ ಹಿಡಿದಿರುತ್ತದೆ. ತಡೆಯುವುದು ವಾಷರ್. ಪೋರ್ಟ್‌ನ ತಳದಲ್ಲಿ ಅಥವಾ ಬಾಯಲ್ಲಿ ತಾಮ್ರದ ವಾಷರ್ ಇದೆಯಾ ನೋಡಿ.

ಪಂಪ್_ಪಾಳಿ

ಇದೆ. ತಳದಲ್ಲಿ ತಾಮ್ರದ್ದು, ಗೇಜ್ ತುದಿಯ ಗುರುತು ಬಿದ್ದು ಚಪ್ಪಟೆ ಆಗಿದೆ. ನಾನು ಅದನ್ನು ಪೋರ್ಟ್‌ನದೇ ಭಾಗ ಅಂದುಕೊಂಡಿದ್ದೆ.

ವಿದ್ಯಾ_ಟೂಲ್‌ರೂಮ್

ಹಾಗಾದರೆ ಕೇಳಬೇಕಾದದ್ದು ‘ಕಾಲು ಇಂಚು ಬಿಎಸ್‌ಪಿ ಪ್ಯಾರಲಲ್, 150 ಬಾರ್‌ಗಿಂತ ಮೇಲಿನ ಸ್ಕೇಲ್’. ಫಿಟ್ಟಿಂಗ್ ಮೇಲೆ ಇಂಗ್ಲಿಷಿನ ಜಿ ಅಕ್ಷರ ಇದ್ದರೆ ಪ್ಯಾರಲಲ್, ಆರ್ ಇದ್ದರೆ ಟೇಪರ್. ಬರೀ ಕಾಲು ಇಂಚು ಅಂದರೆ ಮತ್ತೆ ಇದೇ ಆಗುತ್ತದೆ. ತಂದಿರುವ ಗೇಜನ್ನೇ ಬಳಸಬೇಕಾದರೆ ಅಡಾಪ್ಟರ್ ಹಾಕಿ. ಒಂದು ಕಡೆ ಬಿಎಸ್‌ಪಿ ಪ್ಯಾರಲಲ್ ಗಂಡು, ಇನ್ನೊಂದು ಕಡೆ ಎನ್‌ಪಿಟಿ ಹೆಣ್ಣು. ಅಡಾಪ್ಟರ್‌ಗೂ ಆ ಒತ್ತಡ ತಡೆಯುವ ರೇಟಿಂಗ್ ಇರಬೇಕು. ಎನ್‌ಪಿಟಿ ಕಡೆಗೆ ಟೇಪ್ ಹಾಕಿ, ಮೊದಲ ಹಲ್ಲು ಬಿಟ್ಟು ಸುತ್ತಿ, ಇಲ್ಲದಿದ್ದರೆ ಚೂರು ಎಣ್ಣೆಗೆ ಹೋಗುತ್ತದೆ. ಬಿಎಸ್‌ಪಿ ಕಡೆ ಹೊಸ ವಾಷರ್ ಸಾಕು, ಟೇಪ್ ಬೇಡ.

ಪಂಪ್_ಪಾಳಿ

ಮೊದಲ ಸುತ್ತಿನ ತಡೆ ಏನು ಮಾಡಲಿ?

ಸ್ಪ್ಯಾನರ್_ಶೆಟ್ಟಿ

19ರ ಟ್ಯಾಪ್ ಕೈಯಲ್ಲಿ ಒಂದು ಸಲ ಓಡಿಸಿ.

ಹಳೇ_ಟರ್ನರ್

ಶೆಟ್ರು ಹೇಳಿದ್ದು ಸರಿ, ಬಿಎಸ್‌ಪಿ ಪ್ಯಾರಲಲ್ ಟ್ಯಾಪ್ ಮಾತ್ರ, ಟೇಪರ್ ಟ್ಯಾಪ್ ಅಲ್ಲ. ಮೊದಲು ಲೈನಿನ ಒತ್ತಡ ಪೂರ್ತಿ ಇಳಿಸಿ. ಕೆಟ್ಟ ಗೇಜ್‌ನ ಮುಳ್ಳು ನೋಡಿ ಒತ್ತಡ ಇಲ್ಲ ಅಂತ ತೀರ್ಮಾನ ಮಾಡಬೇಡಿ. ಟ್ಯಾಪ್‌ನ ಉದ್ದ ಸಂದುಗಳಿಗೆ ಗ್ರೀಸ್ ತುಂಬಿ, ಚೂರು ಅದಕ್ಕೇ ಅಂಟಲಿ. ಹಿಂದಕ್ಕೆ ತಿರುಗಿಸುತ್ತಾ ಹಳೆಯ ಥ್ರೆಡ್‌ನ ಬಾಯಿ ಸಿಗುವ ತನಕ ಕಾಯಿರಿ, ‘ಟಕ್’ ಅಂತ ಬಿದ್ದ ಮೇಲೆ ಮುಂದಕ್ಕೆ ತಿರುಗಿಸಿ. ತಡೆ ಇರುವ ಒಂದೆರಡು ಸುತ್ತು ಸಾಕು, ತಳದವರೆಗೆ ಹೋಗಬೇಡಿ, ವಾಷರ್ ಕೂರುವ ಜಾಗಕ್ಕೆ ಗೀರು ಬಿದ್ದರೆ ಸೋರುತ್ತದೆ. ಆಮೇಲೂ ತಡೆದರೆ ಪೋರ್ಟ್‌ನ ಬಾಯಿಯ ಫೋಟೋ ಹಾಕಿ, ನೋಡೋಣ.